ಮೊಡವೆಯ ಗುಳಿಗೆ ಪೀಲ್ ಸಾಕೇ, ಮೈಕ್ರೋನೀಡ್ಲಿಂಗ್ ಬೇಕೇ?

“ಕೆನ್ನೆಯಲ್ಲಿ ಹಳೇ ಮೊಡವೆಯ ಗುಳಿ, ಕಂದು ಕಲೆ ಎರಡೂ ಇವೆ. ಏಪ್ರಿಲ್‌ನಲ್ಲಿ ನನ್ನ ಮದುವೆ. ಪೀಲ್ ಸಾಕಾ, ಮೈಕ್ರೋನೀಡ್ಲಿಂಗ್ ಮಾಡಿಸಬೇಕಾ? ಡಿಸೆಂಬರ್‌ನಿಂದ ಕಾಫಿ ಕೊಯ್ಲು, ತೋಟದಲ್ಲೇ ಇರಬೇಕು.”

ಮದುವೆಯಾಗಿ ವಿರಾಜಪೇಟೆ ಕಡೆಗೆ ಬರುವ ಮೊದಲು ನಾನು ಮೈಸೂರಿನ ಒಂದು ಚರ್ಮ ಚಿಕಿತ್ಸಾಲಯದಲ್ಲಿ ಒಂಬತ್ತು ವರ್ಷ ಸಹಾಯಕಿಯಾಗಿದ್ದೆ. ನಾನು ವೈದ್ಯೆಯಲ್ಲ, ಆದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಪೀಲ್, ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್, ಈ ಎರಡೂ ಚಿಕಿತ್ಸೆ ಪಡೆದವರ ಮುಖಗಳನ್ನು ಪ್ರತಿ ವಾರ ಹತ್ತಿರದಿಂದ ನೋಡಿದ್ದೇನೆ.

ಮೊದಲು ಗುಳಿಯನ್ನೂ ಕಲೆಯನ್ನೂ ಬೇರೆ ಮಾಡಿ ನೋಡಿ. ರಾತ್ರಿ ಕೋಣೆಯ ದೀಪ ಆರಿಸಿ, ಕನ್ನಡಿಯ ಮುಂದೆ ನಿಂತು, ಟಾರ್ಚಿನ ಬೆಳಕನ್ನು ಕಿವಿಯ ಪಕ್ಕದಿಂದ ಕೆನ್ನೆಯ ಮೇಲೆ ಹಾಯಿಸಿ. ನೆರಳು ಬಿದ್ದಲ್ಲಿ ಗುಳಿಯಿದೆ, ಬಣ್ಣ ಮಾತ್ರ ಕಂಡಲ್ಲಿ ಕಲೆಯಿದೆ. ಆಮೇಲೆ ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಎಳೆದಾಗ ಮಾಯವಾಗುವ ಅಗಲವಾದ ತಗ್ಗು ಮೈಕ್ರೋನೀಡ್ಲಿಂಗ್‌ಗೆ ಚೆನ್ನಾಗಿ ಬಗ್ಗುತ್ತದೆ. ಎಳೆದರೂ ಸೂಜಿ ಚುಚ್ಚಿದಂತೆ ಕಿರಿದಾಗಿ, ಆಳವಾಗಿ ಉಳಿಯುವ ರಂಧ್ರ ಅಷ್ಟು ಬಗ್ಗುವುದಿಲ್ಲ. ಅದರ ಒಳಕ್ಕೆ ಮಾತ್ರ ಪ್ರಬಲ ಟಿಸಿಎ ಆಮ್ಲವನ್ನು ಕಡ್ಡಿಯ ತುದಿಯಿಂದ ಮುಟ್ಟಿಸುವ ಬೇರೆ ವಿಧಾನವಿದೆ, ಅದನ್ನು ಅನುಭವಿ ಚರ್ಮವೈದ್ಯರೇ ಮಾಡಬೇಕು.

ಸಾಮಾನ್ಯವಾಗಿ ಮಾಡುವ ಗ್ಲೈಕೋಲಿಕ್ ಅಥವಾ ಸ್ಯಾಲಿಸಿಲಿಕ್ ಪೀಲ್ ಮೇಲ್ಪದರದಲ್ಲಷ್ಟೇ ಕೆಲಸ ಮಾಡುವುದರಿಂದ, ನಾಲ್ಕಾರು ಸಲ ಮಾಡಿಸಿದರೆ ಕಂದು ಕಲೆ ತಿಳಿಯಾಗುತ್ತದೆ, ಮುಖದ ಒರಟು ಕಡಿಮೆಯಾಗುತ್ತದೆ. ಗುಳಿ ಮೇಲೇಳುವುದಿಲ್ಲ. ಮೈಕ್ರೋನೀಡ್ಲಿಂಗ್‌ನಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಆಳಕ್ಕೆ ಇಳಿಯುವ ಸೂಜಿಗಳು ಒಳಗೆ ಹೊಸ ಕೊಲಾಜೆನ್ ಹುಟ್ಟುವಂತೆ ಮಾಡುತ್ತವೆ, ಆದರೆ ಅದು ತಿಂಗಳುಗಳ ಕೆಲಸ. ಮೊದಲ ವಾರ ಗುಳಿಗಳು ತುಂಬಿದಂತೆ ಕಾಣುವುದು ಬಾವಿನಿಂದ. ಹತ್ತನೆಯ ದಿನಕ್ಕೆ ಅದು ಇಳಿದಾಗ “ಹಣ ನೀರಿಗೆ ಹಾಕಿದೆ” ಎಂದು ಅತ್ತವರನ್ನು ನಾನು ನೋಡಿದ್ದೇನೆ. ಕೊನೆಯ ಸಿಟ್ಟಿಂಗ್ ಆಗಿ ಮೂರು ತಿಂಗಳ ನಂತರ, ಅದೇ ಟಾರ್ಚಿನ ಬೆಳಕಿನಲ್ಲಿ ಹೋಲಿಸಿ ನೋಡಿ. ಗುಳಿಗಳ ಆಳ ಕಡಿಮೆಯಾಗಿ ಅಂಚು ಮೃದುವಾಗಿರುತ್ತದೆ. ಅವು ಪೂರ್ತಿ ಅಳಿಸಿಹೋಗಲಿ ಎಂದು ನಿರೀಕ್ಷಿಸಬೇಡಿ.

ನಿಮ್ಮ ಮದುವೆಯ ದಿನಕ್ಕೆ ಈಗಿನ ಜೂನ್ ತಿಂಗಳು ಅನುಕೂಲವಾಗಿಯೇ ಇದೆ. ಜುಲೈಯಲ್ಲಿ ವೈದ್ಯರು ಹೇಳುವ ಕ್ರೀಮು ಮತ್ತು ಸನ್‌ಸ್ಕ್ರೀನ್‌ನಿಂದ ಚರ್ಮವನ್ನು ಹದ ಮಾಡಿ, ಆಗಸ್ಟ್ ಆರಂಭದಿಂದ ಐದೈದು ವಾರಕ್ಕೊಂದರಂತೆ ಮೈಕ್ರೋನೀಡ್ಲಿಂಗ್‌ನ ಮೂರು ಸಿಟ್ಟಿಂಗ್ ಮುಗಿಸಿದರೆ, ಕೊಯ್ಲಿಗೆ ಮೊದಲೇ ಚರ್ಮ ಮಾಗಿರುತ್ತದೆ. ಹಸಿ ಮೊಡವೆ ಇದ್ದರೆ ಅದು ಒಣಗುವವರೆಗೆ ಸೂಜಿ ಬೇಡ, ಏಕೆಂದರೆ ಸೋಂಕು ಹರಡಬಹುದು. ಗಾಯ ಉಬ್ಬಿ ಗಂಟಾಗುವ ಗುಣ ನಿಮ್ಮ ಮೈಗಿದ್ದರೆ ಅದನ್ನೂ ಮೊದಲೇ ಹೇಳಿ.

ನಮ್ಮಂಥ ಕಂದು ಚರ್ಮದವರಿಗೆ ಚಿಕಿತ್ಸೆಗಿಂತ ನಂತರದ ಆರೈಕೆಯೇ ಹೆಚ್ಚು ಕಷ್ಟ. ಮೊದಲ ಎರಡು ಮೂರು ದಿನ ಮುಖ ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಉರಿಯುತ್ತದೆ. ನಾಲ್ಕನೆಯ ದಿನದಿಂದ ಮರಳು ಕಾಗದದಂತೆ ಒರಟಾಗಿ ಹೊಟ್ಟು ಉದುರುತ್ತದೆ. ಅದನ್ನು ಕೀಳಬೇಡಿ. ಒಂದು ವಾರ ಸೌಮ್ಯವಾದ ಫೇಸ್‌ವಾಶ್, ವಾಸನೆಯಿಲ್ಲದ ಮಾಯಿಶ್ಚರೈಸರ್ ಮತ್ತು ಮರುದಿನದಿಂದ ಸನ್‌ಸ್ಕ್ರೀನ್, ಇಷ್ಟೇ ಸಾಕು. ನಿಂಬೆ, ಅರಿಸಿನ, ರೆಟಿನಾಲ್, ಹಬೆ, ಸೌದೆ ಒಲೆಯ ಝಳ, ಯಾವುದೂ ಬೇಡ. ನನ್ನ ಅಕ್ಕನ ಮಗ ಎರಡನೆಯ ಸಿಟ್ಟಿಂಗ್‌ನ ಐದನೆಯ ದಿನ, ಕೆಂಪು ಇಳಿಯಿತೆಂದು ಟೋಪಿಯಿಲ್ಲದೆ ಇಡೀ ಬೆಳಗು ಕಣದಲ್ಲಿ ಕಾಫಿ ಹರವಿದ. ಸಿಮೆಂಟಿನಿಂದ ಚಿಮ್ಮಿದ ಬಿಸಿಲೂ ಸೇರಿ, ಎರಡು ವಾರದಲ್ಲಿ ಅವನ ಕೆನ್ನೆಯೆಲುಬಿನ ಮೇಲೆ ಹುರಿದ ಬೀಜದ ಬಣ್ಣದ ಪಟ್ಟಿ ಮೂಡಿತು. ಗುಳಿ ತಗ್ಗಿತ್ತು, ಆದರೆ ಆ ಪಟ್ಟಿ ತಿಳಿಯಾಗಲು ಐದು ತಿಂಗಳು ಹಿಡಿಯಿತು.

ಇದೇ ಪ್ರಶ್ನೆಗೆ ಉತ್ತರಿಸಿದ ಅಣ್ಣನವರೊಬ್ಬರು ಮಳೆಗಾಲದಲ್ಲಿ ಸನ್‌ಸ್ಕ್ರೀನ್ ಬೇಡವೆಂದು ಹೇಳಿದ್ದು ಅರ್ಧ ಸರಿ. ಮಳೆಗಾಲ ಸುರಕ್ಷಿತ ಕಾಲವೇ, ಆದರೆ ಮೋಡದ ಮರೆಯಿಂದಲೂ ಕಿರಣ ಬರುತ್ತದೆ. ಅವರು ಸೂಚಿಸಿದ, ಮನೆಯಲ್ಲೇ ಮುಖದ ಮೇಲೆ ಉರುಳಿಸುವ ಸೂಜಿಯ ರೋಲರ್ ಆದ ಡರ್ಮಾರೋಲರ್ ಮಾತ್ರ ಖಂಡಿತ ಬೇಡ. ಅದರ ಗಿಡ್ಡ ಸೂಜಿ ಗುಳಿಯ ಬುಡ ಮುಟ್ಟುವುದಿಲ್ಲ, ಉದ್ದನೆಯದು ಮೊಂಡಾಗಿ ಚರ್ಮವನ್ನು ಹರಿಯುತ್ತದೆ.

ಇಲ್ಲೇ ತಮ್ಮ ಬಂಗಿನ ಬಗ್ಗೆ ಕೇಳಿದ ಇನ್ನೊಬ್ಬ ಅಕ್ಕನವರಿಗೆ ಈ ಉತ್ತರ ಹೊಂದುವುದಿಲ್ಲ, ಏಕೆಂದರೆ ಬಂಗು ಶಾಖಕ್ಕೂ ಸೂಜಿಗೂ ಕೆರಳಬಹುದು. ಮೈಕ್ರೋನೀಡ್ಲಿಂಗ್ ಜೊತೆಗೆ ಪಿಆರ್‌ಪಿ, ಅಂದರೆ ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ, ಸೇರಿಸಬೇಕೇ ಎಂಬುದರಲ್ಲಿ ನಾನು ಕೆಲಸ ಮಾಡಿದ ಇಬ್ಬರು ವೈದ್ಯರ ನಡುವೆಯೇ ಒಮ್ಮತವಿರಲಿಲ್ಲ. ಆ ಹೆಚ್ಚುವರಿ ಖರ್ಚನ್ನು ಮೊದಲ ಸಿಟ್ಟಿಂಗ್‌ಗೆ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ಮೂರು ದಿನ ಕಳೆದ ಮೇಲೂ ನೋವು ಏರುತ್ತಿದ್ದರೆ, ಕೀವು ಕಂಡರೆ, ಅಥವಾ ತುಟಿಯ ಬಳಿ ಗುಂಪಾಗಿ ನೀರು ಗುಳ್ಳೆ ಎದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ.