ಅರಗು ತುಂಬಿದ ಹಳೇ ಪದಕಕ್ಕೆ ನೀರು ತಾಗಿಸಬೇಡಿ

ಪ್ರಶ್ನೆ: "ಆಯಿಯಿಂದ ಬಂದ ಟೆಂಪಲ್ ಪದಕ ಒಂದಿದೆ. ಕೆಂಪು ಹರಳು, ಹಿಂದೆ ಬಂಗಾರದ ತಗಡು, ಒಳಗೆ ಅರಗು ತುಂಬಿದ್ದಾರಂತೆ. ಎರಡು ಹರಳು ಕಪ್ಪಾಗಿವೆ. ಮದುವೆಗೆ ಹಾಕಬೇಕು, ಅಂಟವಾಳದ ನೀರಲ್ಲಿ ತೊಳೀಬಹುದಾ? ಆಮೇಲೆ ಹೇಗೆ ಇಡೋದು? ನಾವಿರೋದು ಕಲಬುರಗಿ."

ತೊಳೀಬೇಡಿ. ನಾನು ತೊಳೆದು ಕೆಡಿಸಿಕೊಂಡವಳು, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ. ನಾನೂ ಕಲಬುರಗಿಯವಳೇ.

ನಮ್ಮದೂ ನಿಮ್ಮ ಪದಕದಂಥದ್ದೇ. ನಡುವೆ ಲಕ್ಷ್ಮಿ, ಸುತ್ತ ಹನ್ನೊಂದು ಕೆಂಪು ಹರಳು, ಕೆಳಗೆ ಮುತ್ತಿನ ಗೊಂಚಲು. ನಾಲ್ಕು ವರ್ಷದ ಹಿಂದೆ ತಂಗಿಯ ಮದುವೆಗೆ ಮೂರು ದಿನ ಇರುವಾಗ ಅವ್ವ ಪದಕವನ್ನು ಪೆಟ್ಟಿಗೆಯಿಂದ ತೆಗೆದಳು. ಹರಳಿನ ಸಂದಿಯಲ್ಲೆಲ್ಲ ಹಳೇ ಕುಂಕುಮ ಕೂತಿತ್ತು. ಬೆಚ್ಚಗಿನ ಅಂಟವಾಳದ ನೀರಲ್ಲಿ ಅರ್ಧ ಗಂಟೆ ನೆನೆಸಿಟ್ಟೆ. ಹೊರಗೆ ತೆಗೆದಾಗ ಬಂಗಾರ ಫಳಫಳ ಹೊಳೀತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಮೂರು ಹರಳಿಗೆ ಗ್ರಹಣ ಹಿಡಿದಿತ್ತು. ಸುಮ್ನೆ ಹೋಲಿಕೆಗೆ ಹೇಳ್ತಿಲ್ಲ, ಕಪ್ಪು ಒಂದು ಅಂಚಿನಿಂದ ಶುರುವಾಗಿ ಚಂದ್ರನ ಚೂರಿನ ಆಕಾರದಲ್ಲೇ ಒಳಗೆ ಬಂದಿತ್ತು.

ಹೀಗೆ ಯಾಕಾಯಿತು ಅನ್ನೋದು ಗೊತ್ತಾಗಬೇಕಾದರೆ ಒಳಗೇನಿದೆ ಅಂತ ತಿಳೀಬೇಕು. ಈಗಿನ ಉಂಗುರದ ಹರಳಿಗೆ ಹಿಂದೆ ಬಯಲು ಇರುತ್ತದೆ, ಬೆಳಕು ಆ ಕಡೆಯಿಂದಲೂ ಬರುತ್ತದೆ. ಹಳೇ ಪದಕದ ಹರಳನ್ನು ಈಗಿನ ಹಾಗೆ ಮುಖ ಮುಖ ಕೊರೆದಿರುವುದಿಲ್ಲ, ಉಜ್ಜಿ ನುಣುಪು ಮಾಡಿರುತ್ತಾರೆ ಅಷ್ಟೆ. ತಾನಾಗೇ ಅದು ಜಾಸ್ತಿ ಹೊಳೆಯುವುದಿಲ್ಲ. ಅದಕ್ಕೆ ಅದರ ಕೆಳಗೆ ಬೇಗಡೆ ಇಡುತ್ತಾರೆ, ಅಂದ್ರೆ ಕಾಗದದಷ್ಟು ತೆಳುವಾದ ಬೆಳ್ಳಿಯ ತಗಡು. ಕೆಲವು ಸಲ ಅದಕ್ಕೆ ಕೆಂಪು ಬಣ್ಣವನ್ನೂ ಬಳಿದಿರುತ್ತಾರೆ. ಬೆಳಕು ಹರಳಿನೊಳಗೆ ಹೋಗಿ, ಬೇಗಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ನೀವು ಹರಳಿನ ಕೆಂಪು ಅಂದುಕೊಂಡಿದ್ದರಲ್ಲಿ ಬೇಗಡೆಯ ಪಾಲು ದೊಡ್ಡದು. ಬೇಗಡೆಯ ಕೆಳಗೆ ಅರಗು, ಅದರ ಹಿಂದೆ ಬಂಗಾರದ ತಗಡು. ಹರಳಿನ ಸುತ್ತ ಬಂಗಾರದ ಅಂಚನ್ನು ಒತ್ತಿ ಕೂರಿಸಿರುತ್ತಾರೆ. ಆ ಅಂಚು ಬಿಗಿಯಾಗಿ ಕಂಡರೂ ನೀರು ತಡೆಯುವಷ್ಟು ಬಿಗಿ ಅಲ್ಲ. ಕೂದಲಿನಷ್ಟು ಸಂದಿ ಸಾಕು, ನೀರು ತಾನಾಗೇ ಎಳೆದುಕೊಂಡು ಒಳಗೆ ಹೋಗುತ್ತದೆ. ಹೋಗೋದು ಸುಲಭ, ಬರೋದು ಕಷ್ಟ. ಒಳಗೆ ಕೂತ ನೀರು ಬೇಗಡೆಯನ್ನು ಕಪ್ಪು ಮಾಡುತ್ತದೆ.

ಹಾಗಾಗಿ ಮೊದಲು ನಿಮ್ಮ ಎರಡು ಹರಳಿನ ಕಪ್ಪು ಎಲ್ಲಿದೆ ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ ಸಿಗುತ್ತದೆ, ವಾಚ್ ರಿಪೇರಿಯವರ ಹತ್ತಿರವೂ ಇರುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಕಪ್ಪು ಮೇಲಿನ ಕೊಳೆಯಾದರೆ ಪುಡಿಪುಡಿಯಾಗಿ, ಅಂಚಿನ ಸುತ್ತ ಕಾಣುತ್ತದೆ, ಒಣ ಬ್ರಷ್‌ಗೆ ಸ್ವಲ್ಪವಾದರೂ ಕದಲುತ್ತದೆ. ಹರಳಿನ ಮೇಲ್ಮೈ ಹೊಳೀತಾ ಇದ್ದು, ಕಪ್ಪು ಅದರ ತಳದಲ್ಲಿ ಕಂಡರೆ ಬೇಗಡೆ ಹೋಗಿದೆ. ಅದನ್ನು ಯಾವ ತೊಳೆತವೂ ಸರಿ ಮಾಡುವುದಿಲ್ಲ. ಇನ್ನಷ್ಟು ನೀರು ಕುಡಿಸಿದ ಹಾಗಾಗುತ್ತದೆ.

ಈ ಮಾತು ನನ್ನದಲ್ಲ, ನಮ್ಮ ಮನೆಗೆ ಬರುವ ಪತ್ತಾರರದು. ಮದುವೆ ಮುಗಿದ ಮೇಲೆ ಅವರ ಹತ್ತಿರ ಒಯ್ದೆ. ಅಂಗೈಯಲ್ಲಿಟ್ಟು ಎರಡು ಸಲ ತೂಗಿದ ಹಾಗೆ ಮಾಡಿ, "ಅಕ್ಕಾ, ಇದಕ್ಕ ನೀರ ಕುಡಸೀರಿ ನೋಡ್ರಿ" ಅಂದರು. ಆಮೇಲೆ ನಿಜವಾಗಿಯೂ ತಕ್ಕಡಿಗೆ ಹಾಕಿದರು. 46.81 ಗ್ರಾಂ. ನಮ್ಮ ಹಳೇ ಚೀಟಿಯಲ್ಲಿ ಇದ್ದದ್ದು 46.32. ಹತ್ತಿರ ಹತ್ತಿರ ಅರ್ಧ ಗ್ರಾಂ ನೀರು, ಅಂದ್ರೆ ಸುಮಾರು ಹತ್ತು ಹನಿ, ಇನ್ನೂ ಒಳಗೇ ಇತ್ತು.

ಒಣಗಿಸಿದ್ದು ಹೀಗೆ. ಬಿಸಿಲಿಗೆ ಇಡಬಾರದು, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ ಅಂತ ಅವರು ಹೇಳಿದರು. ಮೊದಲು ಮುತ್ತಿನ ಗೊಂಚಲನ್ನು ಬಿಚ್ಚಿಸಿದೆವು, ಜಾಸ್ತಿ ಒಣಗಿದರೆ ಮುತ್ತು ಹಾಳಾಗುತ್ತದೆ. ಒಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯ ತಳಕ್ಕೆ 100 ಗ್ರಾಂ ಸಿಲಿಕಾ ಜೆಲ್ ಹಾಕಿದೆ. ಅದರ ಮೇಲೆ ಚಹಾ ಸೋಸುವ ಜಾಲರಿ, ಜಾಲರಿ ಮೇಲೆ ಪದಕ. ಅರಗು ತುಂಬಿದ ತೂತು ಹಿಂದೆ ಇರುತ್ತದಲ್ಲ, ಅದು ಕೆಳಗೆ ಬರುವ ಹಾಗೆ. ಡಬ್ಬಿಯನ್ನು ನೆರಳಲ್ಲಿಟ್ಟೆ. ಹರಳುಗಳ ಬಣ್ಣ ಬದಲಾದಾಗ (ಸಿಲಿಕಾ ಜೆಲ್‌ನ ಹರಳು, ಪದಕದ್ದಲ್ಲ!) ಹೊಸ ಪೊಟ್ಟಣ ಹಾಕಿದೆ. ಬಿಚ್ಚಿಟ್ಟ ಗೊಂಚಲನ್ನೂ ಸೇರಿಸಿ ತೂಗಿದರೆ ಹನ್ನೆರಡನೇ ದಿನ 46.50, ಐದನೇ ವಾರಕ್ಕೆ 46.34. ಅಲ್ಲಿಗೆ ನಿಂತಿತು. ಕಪ್ಪು ಇನ್ನು ಹರಡಲಿಲ್ಲ, ಆದರೆ ಬಂದದ್ದು ಹೋಗಲೂ ಇಲ್ಲ.

ಬೇಗಡೆ ಬದಲಿಸುವ ಕೆಲಸ ಇದೆ. ಹರಳು ಕೂರಿಸಿ ಅಭ್ಯಾಸ ಇರುವವರು ಹರಳಿನ ಸುತ್ತಲಿನ ಬಂಗಾರದ ಅಂಚನ್ನು ಮೊನೆಯಿಂದ ಮೆಲ್ಲಗೆ ಬಿಚ್ಚಿ, ಹರಳು ಎತ್ತಿ, ಹೊಸ ಬೇಗಡೆ ಹಾಕಿ, ಮತ್ತೆ ಅಂಚು ಒತ್ತುತ್ತಾರೆ. ನಮ್ಮ ಮೂರರಲ್ಲಿ ಎರಡು ಮಾಡಿಸಿದೆವು. ಹೊಸ ಬೇಗಡೆ ಹಳೇದಕ್ಕಿಂತ ಜಾಸ್ತಿ ಹೊಳೆಯುತ್ತದೆ, ಆ ಎರಡು ಹರಳು ಉಳಿದ ಒಂಬತ್ತರ ನಡುವೆ ಎದ್ದು ಕಾಣುತ್ತವೆ. ಆ ಕಾರಣಕ್ಕೇ ಎಡಗಡೆಯ ಮೂರನೆಯದನ್ನು ಹಾಗೇ ಬಿಟ್ಟೆ. ನಿಮಗೆ ಮದುವೆ ಹತ್ತಿರ ಇದ್ದರೆ ಈಗ ಬಿಚ್ಚಿಸಬೇಡಿ. ಅವಸರದಲ್ಲಿ ಅಂಚು ಒತ್ತಿಸಿಕೊಂಡರೆ ಮಂಟಪದಲ್ಲಿ ಹರಳು ಹುಡುಕಬೇಕಾಗುತ್ತದೆ. ಇನ್ನೊಂದು, ಬೇಗಡೆ ತೆಗೆದಾಗ ನಿಮ್ಮ "ಕೆಂಪು" ಹರಳು ಬಿಳಿಚಿಕೊಂಡಿರುವುದು ಅಥವಾ ಗಾಜು ಅಂತ ಗೊತ್ತಾಗಬಹುದು. ಹಳೇ ಒಡವೆಯಲ್ಲಿ ಅದು ಸಾಮಾನ್ಯ. ಪತ್ತಾರರು ಬದಲಾಯಿಸಿಬಿಟ್ಟರು ಅಂತ ಜಗಳ ಆಗೋದು ಅಲ್ಲೇ. ಕೊಡುವ ಮೊದಲು ಪ್ರತಿ ಹರಳಿನ ಫೋಟೋ ತೆಗೆದಿಟ್ಟುಕೊಳ್ಳಿ, ಸಾಧ್ಯವಾದರೆ ಎದುರು ಕೂತೇ ಮಾಡಿಸಿ.

ಈಗ ಅರಗಿನ ವಿಷಯ. ಅರಗು ಮೆತ್ತಗಾಗೋದು ಸುಮಾರು 65ರಿಂದ 75 ಡಿಗ್ರಿ ಬಿಸಿಯಲ್ಲಿ, ಮೇಣ ಬೆರೆಸಿದ್ದರೆ ಇನ್ನೂ ಕಡಿಮೆಯಲ್ಲಿ. ನಮ್ಮ ಮೇ ತಿಂಗಳ 43, 44 ಡಿಗ್ರಿಗೆ ಅದು ಕರಗುವುದಿಲ್ಲ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಸುಲಭವಾಗಿ ಆ ಮಟ್ಟಕ್ಕೆ ಹೋಗುತ್ತದೆ. ಮೇಲಿನ ಮಹಡಿಯಲ್ಲಿ, ಸ್ಲ್ಯಾಬಿನ ಕೆಳಗೆ, ಪಶ್ಚಿಮದ ಗೋಡೆಗೆ ತಾಗಿಸಿದ ಕಬ್ಬಿಣದ ಕಪಾಟೂ ಒಳ್ಳೆಯ ಜಾಗ ಅಲ್ಲ. ಬಿಸಿಯಾದ ಅರಗು ಒಂದೇ ದಿನ ಹರಿಯುವುದಿಲ್ಲ, ಭಾರ ಇದ್ದ ಕಡೆ ಮೆಲ್ಲಗೆ ಒಸರುತ್ತದೆ. ಗುರುತು ಏನಂದರೆ, ಹಿಂದಿನ ತೂತಿನ ಹತ್ತಿರ ಕಂದು ಬಣ್ಣದ ಜಿಗುಟು ಕಾಣುತ್ತದೆ, ಇಲ್ಲವೇ ಒಂದು ಹರಳು ಪಕ್ಕದವಕ್ಕಿಂತ ತುಸು ಕೆಳಗೆ ಕುಸಿದಿರುತ್ತದೆ. ಅದಕ್ಕೇ ಇಂಥ ಒಡವೆಯನ್ನು ಮಲಗಿಸಿಯೇ ಇಡಬೇಕು. ಮೇಲೆ ಬಳೆ, ಡಾಬು ಏನನ್ನೂ ಹೇರಬಾರದು.

ಅರಗಿಗೆ ಇನ್ನೊಂದು ಶತ್ರು ಸ್ಪಿರಿಟ್. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಪೀಠೋಪಕರಣದ ಪಾಲಿಷ್ ಮಾಡೋದೇ ಹಾಗೆ. ಸ್ಯಾನಿಟೈಸರ್, ಸೆಂಟು ಎರಡರಲ್ಲೂ ಅದೇ ಇರೋದು. ಅಂಗಡಿಯವರು ಬಂಗಾರ ತೊಳೆಯಲು ಬಳಸುವ ಅಮೋನಿಯಾ, ಸೋಡಾ ಕೂಡ ಅರಗನ್ನು ತಿನ್ನುತ್ತವೆ. ನೀರಿನಲ್ಲಿ ಕಂಪನ ಕೊಟ್ಟು ತೊಳೆಯುವ ಮಷೀನಿಗೆ ಹಾಕಿದರೆ ನೀರು, ಅಲುಗಾಟ ಎರಡೂ ಒಟ್ಟಿಗೆ. "ಫ್ರೀ ಕ್ಲೀನಿಂಗ್ ಮೇಡಂ" ಅಂದರೆ ಕೈ ಮುಗಿದು ಬನ್ನಿ. ಕೊಂಡಿ ಮುರಿದರೆ ಬೆಸುಗೆ ಹಾಕಿಸೋದು ಇದಕ್ಕಿಂತ ಕೆಟ್ಟದ್ದು. ನಮ್ಮ ಸಂಬಂಧಿಕರ ಒಂದು ಅಡ್ಡಿಗೆಗೆ ಊರಿನ ಒಂದು ಅಂಗಡಿಯಲ್ಲಿ ಅರಗು ತೆಗೆಯದೇ ಬೆಂಕಿ ಹಿಡಿದರು. ಅರಗು ಕುದ್ದು ಹೊರಗೆ ಬಂತು, ಎರಡು ಹರಳು ಬಿದ್ದವು. ಕೊಂಡಿ ಸವೆದಿದ್ದರೆ ಪಟವೇಗಾರರ ಹತ್ತಿರ ರೇಷ್ಮೆ ದಾರದಲ್ಲಿ ಕಟ್ಟಿಸಿ. ಬೆಂಕಿ ಬೇಕಾಗುವುದೇ ಇಲ್ಲ.

ಸರಿ, ಮದುವೆಗೆ ಹೇಗೆ ಸಿದ್ಧ ಮಾಡೋದು? ಕೂಸಿನ ಹಲ್ಲುಜ್ಜುವ ಮೆತ್ತನೆಯ ಹೊಸ ಬ್ರಷ್ ತಗೊಳ್ಳಿ. ಪದಕವನ್ನು ಮುಖ ಕೆಳಗೆ ಮಾಡಿ ಹಿಡಿದು, ಕೆಳಗಿನಿಂದ ಒಣದಾಗಿಯೇ ಉಜ್ಜಿ. ಪುಡಿ ಕೆಳಗಿನ ಬಿಳಿ ಬಟ್ಟೆಗೆ ಉದುರುತ್ತದೆ, ಸಂದಿಗೆ ಇಳಿಯುವುದಿಲ್ಲ. ಹರಳೇನಾದರೂ ಬಿದ್ದರೂ ಬಟ್ಟೆಯಲ್ಲೇ ಸಿಗುತ್ತದೆ. ಗಟ್ಟಿ ಕುಂಕುಮ ಬರೀ ಬಂಗಾರದ ಮೇಲಿದ್ದರೆ ಹತ್ತಿಯ ಕಡ್ಡಿಯನ್ನು ನೀರಿಗೆ ಅದ್ದಿ, ಬೆರಳಲ್ಲಿ ಹಿಂಡಿ, ಒದ್ದೆ ಅನ್ನಿಸುವಷ್ಟೇ ಉಳಿದಾಗ ಒರೆಸಿ. ಹರಳಿನ ಅಂಚಿನಿಂದ ದೂರ ಇರಿ. ಅಂಚಿನ ಕುಂಕುಮ ಅಲ್ಲೇ ಇರಲಿ. ಯಾರೂ ಅಷ್ಟು ಹತ್ತಿರ ಬಂದು ನೋಡಲ್ಲ, ಅಲ್ವಾ?

ಹಾಕಿಕೊಳ್ಳುವಾಗ ಸೆಂಟು, ಪೌಡರ್ ಎಲ್ಲ ಮುಗಿಸಿ ಕೊನೆಗೆ ಪದಕ. ತೆಗೆದ ಕೂಡಲೇ ಬೆವರು ಒರೆಸಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಬಿಡಿ. ಆಮೇಲೆ ಒಗೆದು ಒಗೆದು ಹಳೇದಾದ ಮಲ್‌ಮಲ್ ಬಟ್ಟೆಯಲ್ಲಿ ಒಂದೊಂದೇ ಒಡವೆ ಸುತ್ತಿ ಚಪ್ಪಟೆ ಡಬ್ಬಿಯಲ್ಲಿಡಿ. ಹೊಸ ಬಟ್ಟೆಯ ಗಂಜಿ, ಉಣ್ಣೆ, ರಬ್ಬರ್ ಬ್ಯಾಂಡ್ ಬೇಡ. ಉಣ್ಣೆ, ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಅದಕ್ಕೇ ಕಪ್ಪಾಗೋದು. ಬ್ಯಾಂಕ್ ಲಾಕರ್‌ನಲ್ಲಿಟ್ಟರೆ ಮಳೆಗಾಲ ಮುಗಿದ ಮೇಲೆ ಒಂದು ಸಲ ತೆಗೆದು ಗಾಳಿ ಆಡಿಸಿ.

ಡಬ್ಬಿಯೊಳಗೆ ಒಂದು ಚೀಟಿ ಹಾಕಿ, ದಿನಾಂಕ, ತೂಕ, ಹರಳಿನ ಎಣಿಕೆ ಬರೆದು. 0.01 ಗ್ರಾಂ ತೋರಿಸುವ ತಕ್ಕಡಿ ಸರಾಫ್ ಅಂಗಡಿಯಲ್ಲಿ ಇರುತ್ತದೆ, ಎರಡು ನಿಮಿಷದ ಕೆಲಸ. ಮುಂದಿನ ವರ್ಷ ತೂಕ ಹೆಚ್ಚಿದ್ದರೆ ಒಳಗೆ ತೇವ ಸೇರಿದೆ. ಕಡಿಮೆಯಾಗಿದ್ದು, ಕಿವಿಯ ಹತ್ತಿರ ಮೆಲ್ಲಗೆ ಅಲುಗಿಸಿದಾಗ ಪುಡಿ ಅಲ್ಲಾಡಿದ ಸದ್ದು ಬಂದರೆ ಅರಗು ಪುಡಿಯಾಗಿ ಉದುರುತ್ತಿದೆ. ಆಗ ಪತ್ತಾರರ ಹತ್ತಿರ ಹೋಗಿ. ನೀವು ಇದನ್ನು ಅಡ ಇಟ್ಟು ಸಾಲ ಪಡೆಯುವ ಯೋಚನೆಯಲ್ಲಿದ್ದರೆ, ಸಾಲ ಕೊಡುವವರು ಅರಗು, ಹರಳಿನ ಅಂದಾಜು ತೂಕ ಕಳೆದು ಉಳಿದ ಬಂಗಾರಕ್ಕಷ್ಟೇ ಬೆಲೆ ಕಟ್ಟುತ್ತಾರೆ. ನಮ್ಮ 46 ಗ್ರಾಂ ಪದಕದಲ್ಲಿ ಬಂಗಾರ ಎಷ್ಟಿದೆ ಅಂತ ಪತ್ತಾರರು ಹೇಳಿದ್ದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.