ಅಂಚಿನ ಗೆರೆ, ತಿದ್ದಿದ ಇಸವಿ: ಫೋಟೊ ನೋಡಿ ಎಷ್ಟು ಹೇಳಬಹುದು?

ಪ್ರಶ್ನೆ: ಒಬ್ಬರಿಂದ ಎರಡು ಹಳೇ ನಾಣ್ಯ ಕೊಳ್ಳಬೇಕು ಅಂತಿದ್ದೇನೆ. ಒಂದು 1840ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ. ಇನ್ನೊಂದು ಅಮೆರಿಕದ 1914ರ ಲಿಂಕನ್ ಸೆಂಟ್, ಇಸವಿಯ ಕೆಳಗೆ ‘ಡಿ’ ಅಕ್ಷರ ಇದೆ. ರೂಪಾಯಿಯ ಅಂಚಿನ ನಡುವೆ ತೆಳು ಗೆರೆ ಕಾಣುತ್ತೆ. ಅದು ಟಂಕಸಾಲೆಯಲ್ಲೇ ಬಂದದ್ದು ಅಂತಾರೆ ಮಾರುವವರು. ಸೆಂಟ್‌ನಲ್ಲಿ ಇಸವಿಯ ಅಂಕಿಗಳು ಯಾಕೋ ಸರಿ ಕೂತಿಲ್ಲ ಅನ್ನಿಸುತ್ತೆ. ಫೋಟೊ ಕಳಿಸಿದ್ದೇನೆ. ಇಷ್ಟರಲ್ಲೇ ಅಸಲಿನಾ ನಕಲಿನಾ ಗೊತ್ತಾಗುತ್ತಾ?

ಉತ್ತರ: ಈ ಎರಡರ ಮಟ್ಟಿಗೆ ಗೊತ್ತಾಗುತ್ತದೆ. ಎರಡನ್ನೂ ಕೊಳ್ಳಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ರೂಪಾಯಿ. ಯಂತ್ರದಲ್ಲಿ ಅಚ್ಚೊತ್ತುವಾಗ ಲೋಹದ ಬಿಲ್ಲೆ ಕಾಲರ್ ಅನ್ನುವ ಉಕ್ಕಿನ ಬಳೆಯೊಳಗೆ ಕೂತಿರುತ್ತದೆ. ಮೇಲಿಂದ ಒಂದು ಡೈ, ಅಂದರೆ ನಾಣ್ಯದ ಚಿತ್ರ ಕೊರೆದ ಉಕ್ಕಿನ ಅಚ್ಚು, ಕೆಳಗಿಂದ ಇನ್ನೊಂದು ಡೈ. ಒತ್ತಡ ಬಿದ್ದಾಗ ಬಿಲ್ಲೆ ಹಿಗ್ಗಿ ಕಾಲರ್‌ಗೆ ತಾಗುತ್ತದೆ. ಕಾಲರ್‌ನ ಒಳಮೈಯಲ್ಲಿರುವ ಗೀರುಗಳು ಅಂಚಿನ ಮೇಲೆ ಒಂದೇ ಸಲಕ್ಕೆ ಮೂಡುತ್ತವೆ. ಹೀಗಾಗಿ ಪ್ರತಿ ಗೀರೂ ಒಂದು ಮುಖದ ಕಡೆಯಿಂದ ಇನ್ನೊಂದು ಮುಖದ ಕಡೆಗೆ ನೇರವಾಗಿ, ತುಂಡಾಗದೆ ಹೋಗಿರಬೇಕು. ನಡುವೆ ಗೆರೆ ಬರಲು ಅಲ್ಲಿ ಕಾರಣವೇ ಇಲ್ಲ.

ಎರಕದ ನಕಲಿ ಹಾಗಲ್ಲ. ಅದರ ಅಚ್ಚು ಎರಡು ಹೋಳು. ಹೋಳುಗಳು ಕೂಡುವ ಕಡೆ ಕರಗಿದ ಲೋಹ ಸ್ವಲ್ಪ ಹೊರಗೆ ಇಣುಕಿ ಅಂಚಿನ ಸುತ್ತ ಏಣಿನಂಥ ಗೆರೆಯಾಗಿ ಗಟ್ಟಿಯಾಗುತ್ತದೆ. ನಕಲಿ ಮಾಡುವವರು ಅದನ್ನು ಅರ ಹಾಕಿ ಉಜ್ಜುತ್ತಾರೆ. ಏಣು ಹೋಗುತ್ತದೆ, ಅದರ ಜೊತೆಗೆ ಅಲ್ಲಿನ ಗೀರುಗಳೂ ಸವೆಯುತ್ತವೆ.

ಈಗ ನಿಮ್ಮ ಮೂರನೇ ಫೋಟೊ ದೊಡ್ಡದು ಮಾಡಿ ನೋಡಿ. ಗೆರೆಯ ಮೇಲ್ಭಾಗದ ಗೀರುಗಳು ಕೆಳಭಾಗದ ಗೀರುಗಳಿಗೆ ಸರಿಯಾಗಿ ಎದುರು ಬಂದಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿವೆ. ಅಚ್ಚಿನ ಎರಡು ಹೋಳು ಸರಿಯಾಗಿ ಕೂತಿರಲಿಲ್ಲ ಅಂತ ಅರ್ಥ. ಒಂದೇ ಕಾಲರ್‌ನಲ್ಲಿ ಮೂಡಿದ ಗೀರಿಗೆ ಹೀಗಾಗಲು ಸಾಧ್ಯವೇ ಇಲ್ಲ. ಬರೀ ಗೆರೆ ಇದ್ದಿದ್ದರೆ ನಾನು ಇನ್ನೂ ಯೋಚನೆ ಮಾಡುತ್ತಿದ್ದೆ. ಈ ಸರಿದ ಗೀರು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಮುಖದ ಮೇಲೂ ಅದೇ ಕಥೆ. ಅಕ್ಷರದ ಬುಡ ಹಿನ್ನೆಲೆಗೆ ಸೇರುವ ಕಡೆ ಚೂಪಾಗಿಲ್ಲ, ಕರಗಿದ ಹಾಗೆ ದುಂಡಗಿದೆ. ಕೆನ್ನೆಯ ಮೇಲೆ ಸಣ್ಣ ಸಣ್ಣ ದುಂಡು ಕುಳಿಗಳಿವೆ. ಎರಕದಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗಳು ಇಂಥ ಗುರುತು ಬಿಡುತ್ತವೆ.

ಆದರೆ ಅಂಚಿನಲ್ಲಿ ಗೆರೆ ಕಂಡ ತಕ್ಷಣ ನಕಲಿ ಅನ್ನಬೇಡಿ. 1940ರ ನಂತರ ಬಂದ ಆರನೇ ಜಾರ್ಜ್ ಬೆಳ್ಳಿ ರೂಪಾಯಿಗಳ ಅಂಚಿನ ನಡುವೆ, ನಕಲಿ ತಡೆಯಲೆಂದೇ, ವಿನ್ಯಾಸ ಇರುವ ತಗ್ಗು ಪಟ್ಟಿ ಇಟ್ಟಿದ್ದಾರೆ. ಅದು ಒಳಗೆ ಇಳಿದಿರುತ್ತದೆ, ಸುತ್ತಲೂ ಒಂದೇ ಸಮ ಇರುತ್ತದೆ. ಎರಕದ ಗೆರೆ ಎದ್ದಿರುತ್ತದೆ, ಇಲ್ಲವೇ ಅರದ ಗುರುತು ಇರುತ್ತದೆ. ನಾಣ್ಯವನ್ನು ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ತೆಗೆದಿದ್ದರೂ ಅರದ ಗುರುತು ಇರುತ್ತದೆ, ಆದರೆ ಅದು ಒಂದು ಕಡೆ ಮಾತ್ರ. ಇನ್ನು ಚೀನಾದ ಚೌಕ ತೂತಿನ ಹಳೇ ನಾಣ್ಯಗಳನ್ನು ಮಾಡುತ್ತಿದ್ದದ್ದೇ ಎರಕದಲ್ಲಿ. ಅವುಗಳ ಅಂಚಿನಲ್ಲಿ ಎರಕದ ಗುರುತು ಕಂಡರೆ ಅದು ದೋಷವಲ್ಲ. ಹಾಗಾಗಿ ಅಸಲಿ ನಾಣ್ಯವನ್ನು ಹೇಗೆ ಮಾಡುತ್ತಿದ್ದರು ಅನ್ನುವುದು ಮೊದಲು ಗೊತ್ತಿರಬೇಕು.

ಫೋಟೊದಲ್ಲಿ ಗೆರೆ ಎದ್ದಿದೆಯೋ ತಗ್ಗಾಗಿದೆಯೋ ಅನ್ನುವುದು ಕಣ್ಣಿಗೆ ಬೇಗ ಮೋಸ ಮಾಡುತ್ತದೆ. ಅದಕ್ಕೆ ಸುಲಭ ದಾರಿ ಇದೆ. ಅದೇ ಫೋಟೊದಲ್ಲಿ ಖಂಡಿತ ಎದ್ದಿರುವ ಯಾವುದಾದರೂ ಭಾಗ, ಉದಾಹರಣೆಗೆ ಅಕ್ಷರ ಅಥವಾ ಗೀರಿನ ಏಣು, ನೋಡಿ. ಅದರ ನೆರಳು ಯಾವ ಕಡೆ ಬಿದ್ದಿದೆಯೋ ಗೆರೆಯ ನೆರಳೂ ಅದೇ ಕಡೆ ಇದ್ದರೆ ಗೆರೆ ಎದ್ದಿದೆ. ಉಲ್ಟಾ ಇದ್ದರೆ ತಗ್ಗು. ನೇರ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ನೆರಳೇ ಇರಲ್ಲ, ಅದರಿಂದ ಏನೂ ಹೇಳಲಾಗದು. ನಾಣ್ಯವನ್ನು ನಿಲ್ಲಿಸಿ, ಒಂದೇ ಕಡೆಯಿಂದ ಓರೆ ಬೆಳಕು ಬಿಟ್ಟು, ಮೂರು ಸಲ ತಿರುಗಿಸಿ ಪೂರ್ತಿ ಅಂಚಿನ ಫೋಟೊ ಕೇಳಿ. ಎರಡು ಮುಖ ಮಾತ್ರ ತೋರಿಸಿ ಅಂಚಿನ ಫೋಟೊ ಕೊಡದೆ ಜಾರಿಕೊಳ್ಳುವವರ ಜೊತೆ ವ್ಯವಹಾರ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಈಗ ಸೆಂಟ್. ಇಲ್ಲಿ ನಾಣ್ಯ ಅಸಲಿ, ಇಸವಿ ಮಾತ್ರ ಸುಳ್ಳು. ‘ಡಿ’ ಅಂದರೆ ಡೆನ್ವರ್ ಟಂಕಸಾಲೆ. ಅಲ್ಲಿ 1914ರಲ್ಲಿ ಸುಮಾರು 12 ಲಕ್ಷ ಸೆಂಟ್ ಅಚ್ಚಾದವು. 1944ರಲ್ಲಿ ಅದೇ ಟಂಕಸಾಲೆಯಲ್ಲಿ ಸುಮಾರು 43 ಕೋಟಿ. ಎಲ್ಲೆಂದರಲ್ಲಿ ಸಿಗುವ 1944ರ ಸೆಂಟ್ ತಂದು ಮೊದಲ 4ನ್ನು ಕೆರೆದು 1 ಮಾಡಿದರೆ ಅಪರೂಪದ ನಾಣ್ಯ ಸಿದ್ಧ. ಸಂಗ್ರಾಹಕರ ನಡುವೆ ಇದು ಹಳೇ ಚಾಳಿ.

ನಿಮ್ಮ ಕಣ್ಣು ಸರಿಯಾಗೇ ಗುರುತಿಸಿದೆ. 4ರಲ್ಲಿ ನೆಟ್ಟನೆ ಗೆರೆ ಬಲಗಡೆ ಇರುತ್ತದೆ. ಎಡಗಡೆಯ ಓರೆ ಗೆರೆ, ಅಡ್ಡ ಗೆರೆ ಕೆರೆದು ಹಾಕಿದರೆ ಉಳಿಯುವ 1 ಬಲಕ್ಕೇ ನಿಂತಿರುತ್ತದೆ. ಅದಕ್ಕೇ 9 ಮತ್ತು 1ರ ನಡುವೆ ಜಾಗ ಜಾಸ್ತಿ. ಕೆರೆದ ಜಾಗ ನೋಡಿ: ಸುತ್ತ ಮೈ ಒಂದು ಬಣ್ಣ, 1ರ ಎಡಗಡೆ ಮಾತ್ರ ಸ್ವಲ್ಪ ತಿಳಿ ಬಣ್ಣ, ಅಲ್ಲೇ ಒಂದೇ ದಿಕ್ಕಿನ ಸಣ್ಣ ಗೀಚು. ಅಸಲಿ 1914ರ ಫೋಟೊ ಹುಡುಕಿ, ಎರಡೂ ನಾಣ್ಯ ಒಂದೇ ಅಳತೆಗೆ ಬರುವಂತೆ ಮಾಡಿ ಪಕ್ಕ ಪಕ್ಕ ಇಟ್ಟರೆ ಅಂಕಿಗಳ ಅಂತರ ಇನ್ನೂ ಸ್ಪಷ್ಟವಾಗುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಲಿಂಕನ್ ಭುಜದ ತುದಿಯಲ್ಲಿದೆ. ನಾಣ್ಯದ ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನರ್ ಅವರ ಹೆಸರಿನ ಮೂರು ಮೊದಲಕ್ಷರಗಳನ್ನು, ಅಂದರೆ ವಿ.ಡಿ.ಬಿ., ಅಲ್ಲಿ ಹಾಕಲು ಶುರು ಮಾಡಿದ್ದು 1918ರಲ್ಲಿ. 1914ರ ನಾಣ್ಯದಲ್ಲಿ ಅವು ಇರಲೇಬಾರದು. ನಿಮ್ಮ ಫೋಟೊದಲ್ಲಿ ಮಸುಕಾಗಿದ್ದರೂ ಇವೆ. ತುಂಬಾ ಸವೆದ ನಾಣ್ಯದಲ್ಲಿ ಈ ಅಕ್ಷರಗಳು ತಾವಾಗೇ ಅಳಿಸಿರಬಹುದು, ಕೆಲವರು ಬೇಕಂತಲೇ ಕೆರೆದಿರುತ್ತಾರೆ. ಹಾಗಾಗಿ ಅಕ್ಷರ ಇಲ್ಲ ಅಂದ ಮಾತ್ರಕ್ಕೆ ಅಸಲಿ ಅನ್ನಲಾಗದು. ಆಗ ಭುಜದ ಆ ಜಾಗದಲ್ಲಿ ಗೀಚು ಇದೆಯಾ ನೋಡಬೇಕು.

ಇನ್ನೊಂದು ಬಗೆ ಇದೆ. ನಾಣ್ಯ ನಿಜವಾಗಲೂ 1914ರದ್ದೇ, ಆದರೆ ‘ಡಿ’ ಆಮೇಲೆ ಅಂಟಿಸಿದ್ದು. ಅಂಥ ಕಡೆ ಅಕ್ಷರದ ಬುಡದ ಸುತ್ತ ಓರೆ ಬೆಳಕಿನಲ್ಲಿ ಕಪ್ಪು ಸೀಳು ಕಾಣಬಹುದು. ಬೆಸುಗೆಯನ್ನು ಜಾಣತನದಿಂದ ಮುಚ್ಚಿದ್ದರೆ ಫೋಟೊ ಸಾಲದು. ನಾಣ್ಯ ಕೈಗೆ ಬಂದ ಮೇಲೆ ಭೂತಗನ್ನಡಿ ಬೇಕು.

ಫೋಟೊ ನಕಲಿ ಅಂತ ತೋರಿಸಬಲ್ಲದು, ಅಸಲಿ ಅಂತ ಸಾಬೀತು ಮಾಡಲಾರದು. ಡೈ ಮಾಡಿಸಿ ಅಚ್ಚೊತ್ತಿದ ನಕಲಿಯಲ್ಲಿ ಎರಕದ ಗೆರೆ, ಗುಳ್ಳೆ ಯಾವುದೂ ಇರಲ್ಲ. ಮುಂದೆ ಬೇರೆ 1840ರ ರೂಪಾಯಿ ಸಿಕ್ಕಿ, ಅಂಚು ಚೊಕ್ಕ ಕಂಡರೆ, ತಕ್ಕಡಿಯ ಮೇಲಿಟ್ಟ ಫೋಟೊ ಕೂಡ ಕೇಳಿ. ಅದರ ಅಸಲಿ ತೂಕ 11.66 ಗ್ರಾಂ. ಸವೆದು ಸ್ವಲ್ಪ ಕಡಿಮೆ ಇರಬಹುದು, ಆದರೆ ಅಕ್ಷರಗಳೆಲ್ಲ ಚೂಪಾಗಿದ್ದೂ ತೂಕ ಅರ್ಧ ಗ್ರಾಂ ಕಡಿಮೆ ಬಂದರೆ ಹಣ ಕೊಡಬೇಡಿ.