ಮನೆ ಮಂಡ್ಯ, ಆಫೀಸು ಬೆಂಗಳೂರು: ಸಹಿ ಹಾಕುವ ಮೊದಲು ಕೇಳಬೇಕಾದ್ದು

ಪ್ರಶ್ನೆ: “ಮನೆ ಮಂಡ್ಯ, ಈಗಿನ ಕೆಲಸ ಮೈಸೂರಲ್ಲಿ. ಬೆಂಗಳೂರಿನ ಕಂಪನಿಯೊಂದರಲ್ಲಿ ಎಲ್ಲ ರೌಂಡ್ ಮುಗಿದಿದೆ, ಆಫರ್ ಲೆಟರ್ ಬರಬೇಕು. ‘ಹೈಬ್ರಿಡ್, ಫ್ಲೆಕ್ಸಿಬಲ್’ ಅಂತಾರೆ. ರಿಲೊಕೇಶನ್ ಹಣ, ವರ್ಕ್ ಫ್ರಮ್ ಹೋಮ್ ಬಗ್ಗೆ ರಿಕ್ರೂಟರ್ ಹತ್ರ ಈಗ ಕೇಳಬಹುದಾ? ಕೇಳಿದ್ರೆ ಆಫರ್ ಕೈ ತಪ್ಪುತ್ತಾ?”

ಈಗಲೇ ಕೇಳಿ. ಸಂಬಳದ ಮಾತು ಮುಗಿದು ಲೆಟರ್ ಇನ್ನೂ ಕೈಗೆ ಬಾರದ ಈ ನಾಲ್ಕೈದು ದಿನಗಳೇ ಸರಿಯಾದ ಹೊತ್ತು. ಲೆಟರ್ ಒಮ್ಮೆ ಹೊರಬಿದ್ದರೆ ಒಂದು ಸಾಲು ಬದಲಿಸಲೂ ಮತ್ತೆ ಮೇಲಿನವರ ಅಪ್ರೂವಲ್ ಬೇಕು. ಆ ತಲೆನೋವು ಯಾವ ರಿಕ್ರೂಟರಿಗೂ ಬೇಡ. ಇನ್ನು ಆಫರ್ ಕೈ ತಪ್ಪುವ ಭಯ. ಅಷ್ಟು ಜನರನ್ನು ಸೋಸಿ ನಿಮ್ಮನ್ನು ಆರಿಸಿದ ಮೇಲೆ, ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಆಫರ್ ವಾಪಸ್ ತೆಗೆದುಕೊಂಡದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಕೇಳದೆ ಸೇರಿ ಕಷ್ಟಪಟ್ಟವರನ್ನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬಳು.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ, ಊರು ಮೈಸೂರಿನ ಕುವೆಂಪುನಗರ. ಹಿಂದಿನ ಕಂಪನಿಗೆ ಸೇರುವಾಗ ರಿಕ್ರೂಟರ್ ಫೋನಲ್ಲಿ ಹೇಳಿದ್ದು ಇಷ್ಟು: “ಮೇಡಂ, ನಮ್ಮದು ಫುಲ್ ಫ್ಲೆಕ್ಸಿಬಲ್. ಮೈಸೂರಿಂದಾನೇ ಮಾಡಬಹುದು.” ಲೆಟರ್ ಬಂತು. ಕೆಲಸದ ಸ್ಥಳ ಬೆಂಗಳೂರು ಅಂತಿತ್ತು, ಕೆಳಗೆ ‘ಕಂಪನಿಯ ಅಗತ್ಯಕ್ಕೆ ತಕ್ಕಂತೆ ದೇಶದ ಯಾವುದೇ ಕಚೇರಿಗೆ ವರ್ಗಾಯಿಸಬಹುದು’ ಎಂಬ ಮಾಮೂಲಿ ಸಾಲು. ಮನೆಯಿಂದ ಕೆಲಸ ಮಾಡುವ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಎಲ್ಲರ ಲೆಟರೂ ಹೀಗೇ ಇರುತ್ತದೆ ಅಂದುಕೊಂಡು ಸಹಿ ಹಾಕಿದೆ.

ಐದನೇ ತಿಂಗಳಲ್ಲಿ ಮ್ಯಾನೇಜರ್ ಬದಲಾದರು. ಹೊಸಬರು ವಾರಕ್ಕೆ ಮೂರು ದಿನ ವೈಟ್‌ಫೀಲ್ಡ್ ಆಫೀಸಿಗೆ ಬನ್ನಿ ಅಂದರು. ಅವರದ್ದು ತಪ್ಪು ಅನ್ನಲು ನನ್ನ ಹತ್ತಿರ ಕಾಗದವೇ ಇರಲಿಲ್ಲ. ಆ ರಿಕ್ರೂಟರ್ ಆಗಲೇ ಬೇರೆ ಕಂಪನಿ ಸೇರಿದ್ದರು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ, ಆಮೇಲೆ ಆಟೊ. ಮನೆ ಬಾಗಿಲಿಂದ ಆಫೀಸು ಬಾಗಿಲಿಗೆ ಒಂದು ಕಡೆಗೆ ನಾಲ್ಕು ಗಂಟೆಯ ಮೇಲೆ. ಮಂಡ್ಯ ಬರುವಷ್ಟರಲ್ಲಿ ಬೋಗಿ ತುಂಬಿರುತ್ತಿತ್ತು. ಮದ್ದೂರಿನಲ್ಲಿ ಹತ್ತಿದವರು ಬಾಗಿಲ ಹತ್ತಿರವೇ ಊಟದ ಬುತ್ತಿ ಹಿಡಿದು ನಿಲ್ಲುತ್ತಿದ್ದರು. ಮಗಳು ಏಳುವ ಮೊದಲು ಮನೆ ಬಿಟ್ಟು, ಅವಳು ಮಲಗಿದ ಮೇಲೆ ಬರುತ್ತಿದ್ದೆ.

ಸರಿ, ಬೆಂಗಳೂರಿಗೇ ಮನೆ ಬದಲಿಸೋಣ ಅಂತ ಎಚ್‌ಆರ್‌ಗೆ ರಿಲೊಕೇಶನ್ ಹಣ ಕೇಳಿದೆ. “ಅದು ಸೇರಿದ 90 ದಿನದೊಳಗೆ ಬಳಸಿಕೊಳ್ಳಬೇಕಿತ್ತು” ಎಂದರು. ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಅಲ್ಲಿ. ಮನೆಯಿಂದ ಕೆಲಸ ಅಂದದ್ದರಿಂದ ಆಗ ಊರು ಬಿಡಲಿಲ್ಲ. ಊರು ಬಿಡು ಅಂದಾಗ ಹಣದ ಗಡುವು ಮುಗಿದಿತ್ತು.

ಹಾಗಾಗಿ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಡಿ, ಒಂದಕ್ಕೊಂದು ಗಂಟು ಹಾಕಿ ಕೇಳಿ. “ಈಗ ಮಂಡ್ಯದಿಂದ ಕೆಲಸ ಮಾಡುತ್ತೇನೆ. ಮುಂದೆ ಆಫೀಸಿಗೆ ಬರುವ ದಿನ ಜಾಸ್ತಿಯಾದರೆ, ರಿಲೊಕೇಶನ್ ನೆರವು ಆಗಲೂ ಸಿಗುತ್ತದಾ? ಎಷ್ಟು ದಿನ ಮೊದಲೇ ತಿಳಿಸುತ್ತೀರಿ?” ಇಡೀ ಮಾತುಕತೆಯಲ್ಲಿ ಒಂದೇ ಪ್ರಶ್ನೆಗೆ ಅವಕಾಶ ಸಿಕ್ಕರೆ ಇದನ್ನೇ ಕೇಳಿ.

‘ಹೈಬ್ರಿಡ್’ ಅನ್ನುವ ಮಾತಿಗೆ ಬಿಡಿಸಿ ಕೇಳುವವರೆಗೂ ಅರ್ಥವಿಲ್ಲ. ದಿನವನ್ನು ವಾರದ ಲೆಕ್ಕದಲ್ಲಿ ಎಣಿಸುತ್ತಾರಾ, ತಿಂಗಳ ಲೆಕ್ಕದಲ್ಲಾ? ನಮ್ಮ ಕಡೆಯವರಿಗೆ ಇದು ತುಂಬ ದೊಡ್ಡ ವ್ಯತ್ಯಾಸ. ತಿಂಗಳಿಗೆ ಎಂಟು ದಿನ ಅಂತಿದ್ದರೆ ನಾಲ್ಕು ದಿನದಂತೆ ಎರಡು ಸಲ ಹೋಗಿ, ಪಿಜಿಯಲ್ಲೋ ನೆಂಟರ ಮನೆಯಲ್ಲೋ ಉಳಿದು ಮುಗಿಸಬಹುದು. ವಾರಕ್ಕೆ ಎರಡು ದಿನ, ಅದೂ ಸೋಮವಾರ ಮತ್ತು ಗುರುವಾರ ಅಂದರೆ ಪ್ರತಿ ವಾರ ಎರಡು ಸಲ ಓಡಾಡಲೇಬೇಕು. ಲೆಕ್ಕ ಒಂದೇ ಎಂಟು ದಿನ, ಬದುಕು ಬೇರೆ. ಜೊತೆಗೆ, ಈ ಸಡಿಲಿಕೆ ಕಂಪನಿಯ ಲಿಖಿತ ನಿಯಮವಾ, ಮ್ಯಾನೇಜರ್ ಇಷ್ಟಕ್ಕೆ ಬಿಟ್ಟದ್ದಾ ಅಂತ ಕೇಳಿ. ಎರಡನೆಯದಾದರೆ ಅದು ಆ ಮ್ಯಾನೇಜರ್ ಇರುವವರೆಗೆ ಮಾತ್ರ.

ಇನ್ನು ಹಣದ ವಿಷಯ. ನನ್ನ ತಮ್ಮ ಮೈಸೂರಿಂದ ಬೆಂಗಳೂರಿಗೆ ಹೋದಾಗ ಅವನ ಕಂಪನಿ 60,000 ರೂಪಾಯಿ ರಿಲೊಕೇಶನ್ ಅಂತ ಕೊಟ್ಟಿತು. ಕೇಳಲು ಚೆನ್ನಾಗಿದೆ, ಅಲ್ವಾ? ಆ ಹಣ ಮೊದಲ ಸಂಬಳದ ಜೊತೆ ಸಂಬಳದಂತೆಯೇ ಬಂತು, ಬಿಲ್ ಕೇಳಲಿಲ್ಲ. ಅವನು ಶೇ 20ರ ತೆರಿಗೆ ಸ್ಲ್ಯಾಬಿನಲ್ಲಿದ್ದ. ಸೆಸ್ ಸೇರಿ 12,480 ತೆರಿಗೆಗೆ ಕಡಿತವಾಗಿ ಕೈಗೆ ಬಂದದ್ದು 47,520. ಖರ್ಚು ನೋಡಿ: ಸಾಮಾನು ಸಾಗಿಸಿದ ಕ್ಯಾಂಟರಿಗೆ 14,000, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ 22,000, ಮೊದಲ ತಿಂಗಳ ಬಾಡಿಗೆ ಇನ್ನೊಂದು 22,000, ಮನೆ ಅಡ್ವಾನ್ಸ್ ಆರು ತಿಂಗಳದ್ದು 1,32,000. ಒಟ್ಟು 1,90,000. ಅಡ್ವಾನ್ಸ್ ವಾಪಸ್ ಬರುವ ಹಣವೇ, ಆದರೆ ಆ ತಿಂಗಳು ಅದನ್ನು ಹೊಂದಿಸಬೇಕಲ್ಲ. ಅಮ್ಮನ ಬಳೆ ಅಡ ಇಟ್ಟೆವು.

ಹತ್ತನೇ ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಲೆಟರಿನಲ್ಲಿ ‘12 ತಿಂಗಳೊಳಗೆ ಬಿಟ್ಟರೆ ರಿಲೊಕೇಶನ್ ಮೊತ್ತ ಪೂರ್ತಿ ವಾಪಸ್’ ಅಂತಿತ್ತು. ಕೊನೆಯ ಲೆಕ್ಕಾಚಾರದಲ್ಲಿ ಪೂರ್ತಿ 60,000 ಹಿಡಿದರು. ಕೈಗೆ ಬಂದದ್ದು 47,520, ಕೊಟ್ಟದ್ದು 60,000. ಹತ್ತು ತಿಂಗಳು ದುಡಿದದ್ದಕ್ಕೂ ಬೆಲೆ ಇಲ್ಲ. ಆದ್ದರಿಂದ ವಾಪಸಾತಿ ಸಾಲನ್ನು ಓದಿ, ದುಡಿದ ತಿಂಗಳನ್ನು ಕಳೆದು ಉಳಿದದ್ದಕ್ಕೆ ಮಾತ್ರ ಹಿಡಿಯುವಂತೆ ಕೇಳಿ. ಹಾಗಿದ್ದರೆ ಅವನು 10,000 ಕೊಟ್ಟರೆ ಸಾಕಾಗುತ್ತಿತ್ತು. ಕಂಪನಿಯೇ ತೆಗೆದುಹಾಕಿದರೂ ಹಣ ಹಿಡಿಯುತ್ತಾರಾ ಅನ್ನುವುದನ್ನೂ ಸ್ಪಷ್ಟ ಮಾಡಿಕೊಳ್ಳಿ. ‘ಯಾವುದೇ ಕಾರಣಕ್ಕೆ’ ಎಂಬ ಪದ ಇದ್ದರೆ ಅದೂ ಅದರಲ್ಲಿ ಸೇರುತ್ತದೆ.

ಕೆಲವು ಕಡೆ ಹಣದ ಬದಲು ಬಿಲ್ ಕೊಟ್ಟರೆ ಮರುಪಾವತಿ ಮಾಡುತ್ತಾರೆ. ಆಗ ಯಾವ ಬಿಲ್ ಆಗುತ್ತದೆ ಅಂತ ಮೊದಲೇ ಕೇಳಿ. ನಮ್ಮೂರ ಟೆಂಪೊ ಸ್ಟ್ಯಾಂಡಿನವರು ಕೈಯಲ್ಲಿ ಬರೆದು ಕೊಡುವ ಚೀಟಿಯನ್ನು ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ. ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ಬಿಲ್ ಬೇಕು ಅನ್ನುತ್ತಾರೆ.

ನಮ್ಮ ಕಡೆಯವರು ಮಾಡುವ ಒಂದು ತಪ್ಪು ಇದೆ. ಕಾಲ್ ಜಾಸ್ತಿ ಬರಲಿ ಅಂತ ನೌಕ್ರಿ ಪ್ರೊಫೈಲಿನಲ್ಲಿ ಈಗಿನ ಊರು ಬೆಂಗಳೂರು ಅಂತ ಹಾಕಿರುತ್ತೇವೆ. ಆಮೇಲೆ ರಿಲೊಕೇಶನ್ ಕೇಳಿದರೆ, “ನೀವು ಲೋಕಲ್ ಅಲ್ವಾ?” ಅನ್ನುತ್ತಾರೆ. ಅದಕ್ಕೆ ಉತ್ತರವಿಲ್ಲ. ನೀವೂ ಹಾಗೆ ಹಾಕಿದ್ದರೆ ಇವತ್ತೇ ಮಂಡ್ಯ ಅಂತ ಬದಲಿಸಿ, ರಿಕ್ರೂಟರಿಗೂ ನೇರವಾಗಿ ತಿಳಿಸಿಬಿಡಿ.

ಯಾರನ್ನು ಕೇಳುತ್ತಿದ್ದೀರಿ ಅನ್ನುವುದೂ ಮುಖ್ಯ. ಕನ್ಸಲ್ಟೆನ್ಸಿಯವರಾದರೆ ನೀವು ಸೇರಿದರೆ ಮಾತ್ರ ಅವರಿಗೆ ಕಮಿಷನ್. ಅವರು ಒಳ್ಳೆಯವರೇ ಇರಬಹುದು, ಆದರೆ ಕಂಪನಿಯ ಪರವಾಗಿ ಮಾತು ಕೊಡುವ ಅಧಿಕಾರ ಅವರಿಗಿಲ್ಲ. ಉತ್ತರ ಕಂಪನಿಯ ಮೇಲ್ ಐಡಿಯಿಂದಲೇ ಬರಬೇಕು. “ಮೊದಲು ಸಹಿ ಹಾಕಿ, ಸೇರಿದ ಮೇಲೆ ಮಾತಾಡೋಣ” ಅಂದರೆ, ಆ ಸಡಿಲಿಕೆ ಇಲ್ಲ ಅಂತಲೇ ತಿಳಿದುಕೊಂಡು ಸಂಬಳದ ಲೆಕ್ಕ ಹಾಕಿ.

ಈಗಿನ ಕಂಪನಿಗೆ ಸೇರುವಾಗ ನಾನು ಮೊದಲು ಫೋನಲ್ಲಿ ಮಾತಾಡಿ, ಅದೇ ದಿನ ಮೇಲ್ ಹಾಕಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಇಷ್ಟೇ:

“ಇವತ್ತು ಮಾತಾಡಿದಂತೆ, ಲೆಟರ್ ತಯಾರಾಗುವ ಮೊದಲು ಮೂರು ವಿಷಯ ಖಚಿತಪಡಿಸಿ. ಒಂದು, ನಾನು ಮೈಸೂರಿನಿಂದ ಕೆಲಸ ಮಾಡುತ್ತೇನೆ, ಆಫೀಸಿಗೆ ತಿಂಗಳಿಗೆ ಎಂಟು ದಿನ, ಒಟ್ಟಾಗಿ ಬರಬಹುದು. ಎರಡು, ಇದು ಬದಲಾದರೆ 60 ದಿನ ಮೊದಲು ತಿಳಿಸುತ್ತೀರಿ. ಮೂರು, ಹಾಗೆ ಬದಲಾಗಿ ನಾನು ಬೆಂಗಳೂರಿಗೆ ಬರಬೇಕಾದರೆ ಈಗಿನ ರಿಲೊಕೇಶನ್ ಮೊತ್ತ ಆಗ ಸಿಗುತ್ತದೆ. ಇವನ್ನು ಲೆಟರಿನಲ್ಲಿ ಸೇರಿಸಿದರೆ ಉಪಕಾರ.”

ಎರಡು ದಿನದ ಮೇಲೆ ಉತ್ತರ ಬಂತು. ಕೆಲಸದ ಸ್ಥಳ ಮೈಸೂರು ಅಂತ ಬರೆಯಲು ಆಗುವುದಿಲ್ಲ, ಅಲ್ಲಿ ನಮ್ಮ ಕಚೇರಿ ಇಲ್ಲ ಎಂದರು. ಅದು ನ್ಯಾಯವೇ. ಎಂಟು ದಿನದ ಮಾತನ್ನೂ ರಿಲೊಕೇಶನ್ ಮಾತನ್ನೂ ಲೆಟರಿನ ಅನುಬಂಧದಲ್ಲಿ ಸೇರಿಸಿದರು. 60 ದಿನದ ಬದಲು 30 ದಿನ ಅಂದರು, ಒಪ್ಪಿದೆ. ಇಷ್ಟಾದರೂ ಕಂಪನಿ ಮುಂದೆ ನಿಯಮ ಬದಲಿಸುವುದನ್ನು ಈ ಕಾಗದ ತಡೆಯುವುದಿಲ್ಲ. ಬದಲಾದ ದಿನ ಖರ್ಚು ಯಾರದ್ದು ಅನ್ನುವುದನ್ನು ಮಾತ್ರ ಅದು ತೀರ್ಮಾನಿಸಿಟ್ಟಿದೆ. ಕಳೆದ ವರ್ಷ ದಿನಗಳನ್ನು ಹನ್ನೆರಡಕ್ಕೆ ಏರಿಸಿದಾಗ ಆ ಅನುಬಂಧವನ್ನೇ ಕಳಿಸಿದೆ, ಮುಂದಿನ ಸಂಬಳದಲ್ಲಿ ಹಣ ಬಂತು.

ಈ ಉತ್ತರ ಲಿಖಿತವಾಗಿ ಬರುವ ತನಕ ಮೈಸೂರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಇನ್ನೊಂದು ಕೆಲಸ ಮಾಡಿ. ಮೇಲ್ ಹಾಕುವ ಮೊದಲು ಒಂದು ಬುಧವಾರ ರಜೆ ತೆಗೆದುಕೊಂಡು, ಮಂಡ್ಯದ ಮನೆಯಿಂದ ಆ ಆಫೀಸಿನ ಗೇಟಿನವರೆಗೆ ಹೋಗಿ ಬನ್ನಿ. ರೈಲಿನ ತಿಂಗಳ ಪಾಸ್ 150 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ, ಮಂಡ್ಯ-ಬೆಂಗಳೂರು ಅದರೊಳಗೇ ಬರುತ್ತದೆ. ವಂದೇ ಭಾರತಕ್ಕೆ ಆ ಪಾಸ್ ನಡೆಯುವುದಿಲ್ಲ. ಬೈಕಿನಲ್ಲಿ ಹೋಗುತ್ತೇನೆ ಅಂದುಕೊಂಡಿದ್ದರೆ, ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹೊರಟ ಹೊತ್ತು, ಗೇಟು ಮುಟ್ಟಿದ ಹೊತ್ತು, ರಾತ್ರಿ ಮನೆಗೆ ಬಂದ ಹೊತ್ತು ಬರೆದುಕೊಳ್ಳಿ. ತಿಂಗಳಿಗೆ ಎಷ್ಟು ದಿನ ಅಂತ ಕೇಳಬೇಕು ಅನ್ನುವುದು ಆ ರಾತ್ರಿ ನಿಮಗೇ ಗೊತ್ತಾಗುತ್ತದೆ.